ಓದಿ ಬರೆದ ವರದಿ

ಪಿಎಚ್.ಡಿ. ಪ್ರಬಂಧವನ್ನು ಓದದೆ ಹೊಗಳುವ ವಿದ್ಯೆ ನಮ್ಮ ಕಡೆ ಬಹಳ ಮುಂದುವರಿದಿದೆ. ವಿಶ್ವವಿದ್ಯಾಲಯದವರು ಪ್ರಬಂಧವನ್ನು ಹೊರಗಿನ ಇಬ್ಬರು ಪರೀಕ್ಷಕರಿಗೆ ಗುಟ್ಟಾಗಿ ಕಳಿಸುತ್ತಾರೆ. ಆ ಗುಟ್ಟು ಅಂಚೆಯವನಿಗಿಂತ ಮೊದಲೇ ಸಂಶೋಧನೆಯ ಗೈಡ್‌ಗೆ ಮುಟ್ಟುತ್ತದೆ. ಗೈಡ್ ಪರೀಕ್ಷಕರಿಗೆ ಫೋನ್ ಮಾಡಿ ಅವರ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ಪ್ರಬಂಧ ಕಪಾಟಿನ ಮೇಲೆ ಏಳೆಂಟು ತಿಂಗಳು ಮಲಗುತ್ತದೆ. ಜ್ಞಾಪನಪತ್ರ ಬಂದ ದಿನ ಪರೀಕ್ಷಕರು ಅದರ ಮೇಲಿನ ಧೂಳು ಒರೆಸಿ, ಜ್ಞಾನಕ್ಷೇತ್ರಕ್ಕೆ ಇದೊಂದು ಅಮೂಲ್ಯ ಕೊಡುಗೆ ಎಂದು ಬರೆದು ಸಹಿ ಹಾಕುತ್ತಾರೆ. ಹೀಗೆ ಜ್ಞಾನಕ್ಷೇತ್ರಕ್ಕೆ ಬಂದು ಬಿದ್ದಿರುವ ಕೊಡುಗೆಗಳನ್ನು ಇಡಲು ಕಪಾಟು ಸಾಲದೆ ಒದ್ದಾಡುವವನು ನಾನು. ಜಮಖಂಡಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ, ಹೆಸರು ಕಲ್ಮೇಶ, ಊರು ಬನಹಟ್ಟಿ.

ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಸುಲಭಾ ಗಲಗಲಿ ಮೇಡಂ ಅವರಿಗೆ ಈ ವಿದ್ಯೆ ಹತ್ತಲೇ ಇಲ್ಲ. ಅವರಿಗೆ ಇರುವುದು ಓದುವ ಚಟ. ಮದುವೆಯ ಕರೆಯೋಲೆಯನ್ನೂ ಪೆನ್ಸಿಲ್ ಹಿಡಿದೇ ಓದುತ್ತಾರೆ. ನನ್ನ ಮಗನ ಮದುವೆಯ ಕಾರ್ಡಿನಲ್ಲಿ ವಾರಕ್ಕೂ ತಾರೀಖಿಗೂ ತಾಳೆಯಿಲ್ಲ ಎಂದು ತೋರಿಸಿಕೊಟ್ಟವರು ಅವರೇ. ಅಷ್ಟೊತ್ತಿಗೆ ಊರೆಲ್ಲ ಕಾರ್ಡು ಹಂಚಿಯಾಗಿತ್ತು, ಅದು ಬೇರೆ ಮಾತು. ಅವರ ಯಜಮಾನರು ರಘುವೀರ ವಕೀಲರು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಕೋರ್ಟಿನಲ್ಲಿ ಮೌನ, ಇದು ಅವರ ಶೈಲಿ. "ನಮ್ಮ ಕೋರ್ಟಿನಾಗ ಓದದs ಮುಂದಿನ ತಾರೀಖು ಕೊಡ್ತಾರ. ಇಕಿಗೆ ಅಷ್ಟೂ ಬರೂದಿಲ್ಲ" ಎಂದು ಹೆಂಡತಿಯ ಬಗ್ಗೆ ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಸ್ಟಾಫ್ ರೂಮಿನಲ್ಲಿ ಮೇಡಂಗೆ ಹಿತವಚನ ಹೇಳುವವರಿಗೇನೂ ಕೊರತೆ ಇರಲಿಲ್ಲ. ವಾಣಿಜ್ಯ ವಿಭಾಗದ ಸಿದ್ದಾರೂಢ ಸರ್ ಒಂದು ಚಹಾ ಮುಗಿಯುವುದರೊಳಗೆ ಒಂದು ಪ್ರಬಂಧ ಮುಗಿಸುತ್ತಿದ್ದರು. ಮೊದಲ ಪುಟ, ಕೊನೆಯ ಪುಟ, ನಡುವೆ ಎಲ್ಲಾದರೂ ಒಂದು ನಕ್ಷೆ, ಅಲ್ಲಿಗೆ ಮೌಲ್ಯಮಾಪನ ಆಯಿತು. "ಮೇಡಂ, ಅಷ್ಟೂ ಓದಿದ್ರ ಕಣ್ಣು ಹೋಗ್ತಾವ್ರಿ. ಹೋಗೂ ಹುಡುಗರಿಗೆ ಹಾದಿ ಬಿಡಬೇಕು" ಎನ್ನುತ್ತಿದ್ದರು. ಇಷ್ಟು ದಯಾಳುಗಳಾದ ಪರೀಕ್ಷಕರು ಇರುವಾಗ ವಿಶ್ವವಿದ್ಯಾಲಯಗಳು ಮತ್ತೆ ಮತ್ತೆ ಮೇಡಂ ಹೆಸರನ್ನೂ ಯಾಕೆ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಿದ್ದವೋ ಗೊತ್ತಿಲ್ಲ. ಯಾವುದೋ ಗುಮಾಸ್ತನ ಕಣ್ತಪ್ಪಿರಬೇಕು.

ಎರಡು ವರ್ಷದ ಹಿಂದೆ, ಶ್ರಾವಣದ ಸುಮಾರಿಗೆ, ಬೇರೆ ಜಿಲ್ಲೆಯ ಒಂದು ವಿಶ್ವವಿದ್ಯಾಲಯದಿಂದ ಮೇಡಂಗೆ ಲಕೋಟೆ ಬಂತು. ಒಳಗೆ ಏನಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವರು ಕೈಮಗ್ಗ ಗಣತಿಯ ಹಳೆಯ ಸಂಪುಟಗಳನ್ನು ಕೇಳಿ ಪಡೆದರು, ಗ್ರಂಥಾಲಯದ ಮೂಲೆಯ ಮೇಜಿಗೆ ಕೂತರು, ಪೆನ್ಸಿಲ್ ಕೆತ್ತಿದರು. ಆ ಮೇಜಿನ ಕಡೆಯಿಂದ ಒಮ್ಮೊಮ್ಮೆ ನಿಟ್ಟುಸಿರು ಕೇಳುತ್ತಿತ್ತು. ಒಂದು ದಿನ ಮಾತ್ರ "ವಾ" ಎಂಬ ಸಣ್ಣ ದನಿ ಕೇಳಿಸಿತು. ಮೇಡಂ ಬಾಯಲ್ಲಿ ಅಂಥದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅದೇ ವಾರ ಬನಹಟ್ಟಿಯಿಂದ ನನ್ನ ಅಕ್ಕ ಭಾಗವ್ವ ಫೋನ್ ಮಾಡಿದಳು. ಅವಳ ಮಗಳು ಸೌಂದರ್ಯಾ ಮುಧೋಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಹೋಗು ಎಂದಾಗ ಹೋಗಬೇಕಾದವಳು ಎಂದರ್ಥ. ಯುಜಿಸಿ ಅರ್ಹತೆ ಇಲ್ಲದ ಅತಿಥಿಗಳಿಗೆ ಇನ್ನು ಮುಂದೆ ಕೆಲಸವಿಲ್ಲ ಎಂದು ಸರ್ಕಾರ ಹೇಳಿಬಿಟ್ಟಿತ್ತು. ನೆಟ್ ಪರೀಕ್ಷೆ ಅವಳ ಕೈಗೆ ಹತ್ತಿರಲಿಲ್ಲ. ಉಳಿದಿದ್ದು ಪಿಎಚ್.ಡಿ. ಒಂದೇ. ಅದು ಬಂದರೆ ಪಾಠ ಹೇಳುವ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಅವಳೂ ಅವ್ವನ ಜತೆ ಮಗ್ಗದ ಮನೆಯಲ್ಲಿ ಕೂರಬೇಕು.

"ತಮ್ಮಾ, ಸೌಂದರ್ಯಾನ ಪುಸ್ತಕ ನಿಮ್ಮ ಕಾಲೇಜಿನ ಗಲಗಲಿ ಬಾಯಾರ ಕಡೆ ಬಂದೈತಂತ. ನೀ ಒಂದ್ ಮಾತ್ ಹಾಕು" ಎಂದಳು ಅಕ್ಕ.

"ನಿನಗ ಯಾರು ಹೇಳಿದ್ರು?"

"ಗೈಡ್ ಸರ್ ಹೇಳ್ಯಾರ. ಗುಟ್ಟಿಂದಂತ, ಯಾರಿಗೂ ಹೇಳಬ್ಯಾಡ ಅಂದಾರ. ಅದಕ್ಕ ನಿನಗಷ್ಟs ಹೇಳಾಕತ್ತೇನಿ. ನಿಮ್ಮ ಮಾಮಾಗೂ ಹೇಳೇನಿ. ಓಣ್ಯಾಗ ಹೆಂಗೋ ಗೊತ್ತಾಗೇತಿ."

ಮರುದಿನ ನಾನು ಮೇಡಂ ಮೇಜಿನ ಬಳಿ ಹೋಗಿ ನಿಂತೆ. ಅಕ್ಕನ ಮಗಳ ಮುಖ ಕಣ್ಣ ಮುಂದೆ ಇತ್ತು. ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಬೆಳೆದವಳು ಅವಳು. "ಮೇಡಂ, ಒಂದ್ ಮಾತಿತ್ರಿ. ನಿಮ್ಮ ಕಡೆ ಬಂದಿದ್ದ ಪ್ರಬಂಧ ನಮ್ಮ ಸೋದರಸೊಸೀದು" ಎಂದೆ.

ಮೇಡಂ ಪೆನ್ಸಿಲ್ ಕೆಳಗಿಟ್ಟರು. "ನನ್ನ ಕಡೆ ಯಾವ ಪ್ರಬಂಧ ಬಂದದ ಅಂತ ನಿಮಗ ಯಾರು ಹೇಳಿದ್ರು?"

"ನಮ್ಮಕ್ಕ."

"ಅವರಿಗೆ?"

"ಮಗಳು. ಆಕಿಗೆ ಅವರ ಗೈಡ್."

"ಛಲೋ ಆತು. ಲಕೋಟಿ ಮ್ಯಾಲೆ ಗೋಪ್ಯ ಅಂತ ಕೆಂಪ ಅಕ್ಷರದಾಗ ಬರದಾರ. ನಾ ನಮ್ಮ ಮನಿಯವರಿಗೂ ಹೇಳಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಅಂಜಿಕೆಯಾಯಿತು. "ಕಲ್ಮೇಶ, ಇನ್ನೊಂದು ಮಾತು ಆಡಬ್ಯಾಡ್ರಿ. ಆಡಿದ್ರ ನಾ ಇದನ್ನ ವಾಪಸ್ ಕಳಿಸಬೇಕಾಗ್ತದ. ಹೊಸಾ ಪರೀಕ್ಷಕರನ್ನ ಹುಡುಕೂದ್ರಾಗ ಆಕಿ ವರ್ಷ ಹೋಗ್ತದ. ಸೊಸಿಗೆ ಉಪಕಾರ ಮಾಡಬೇಕಂತಿದ್ರ ಬಾಯಿ ಮುಚ್ಚಿಕೊಂಡಿರ್ರಿ."

ನಾನು ಮುಚ್ಚಿಕೊಂಡೆ. ಮೇಡಂ ಮಾತ್ರ ಅಲ್ಲಿಗೇ ಬಿಡಲಿಲ್ಲ. ಅಭ್ಯರ್ಥಿ ನಮ್ಮ ಕಾಲೇಜಿನ ನೌಕರನೊಬ್ಬನ ಸಂಬಂಧಿ ಎಂದು ಈಗ ತಿಳಿದಿದೆ, ನನಗೆ ಅವಳ ಪರಿಚಯವಿಲ್ಲ, ಆದರೂ ಮುಂದುವರಿಯಬಹುದೋ ಪ್ರಬಂಧ ಮರಳಿಸಬೇಕೋ ತಿಳಿಸಿ ಎಂದು ಮೌಲ್ಯಮಾಪನ ಕುಲಸಚಿವರಿಗೆ ಬರೆದರು. ಅಲ್ಲಿನ ಕಚೇರಿಯಲ್ಲಿ ಇಂಥ ಪತ್ರ ನೋಡಿದವರೇ ಇರಲಿಲ್ಲವೆಂದು ಕಾಣುತ್ತದೆ. ಒಬ್ಬರು ಫೋನ್ ಮಾಡಿ, "ಮೇಡಂ, ಏನರೆ ತೊಂದರೆ ಐತೇನ್ರಿ?" ಎಂದು ಕಾಳಜಿಯಿಂದ ಕೇಳಿದರಂತೆ. ಕೊನೆಗೆ ಮುಂದುವರಿಯಿರಿ ಎಂದು ಲಿಖಿತ ಉತ್ತರ ಬಂತು. ಆಮೇಲೆ ಪೆನ್ಸಿಲ್ ಮತ್ತೆ ಶುರುವಾಯಿತು.

ಫೋನಿನಲ್ಲಿ ಆರೋಗ್ಯ ವಿಚಾರಿಸಿ ಪ್ರಯೋಜನವಾಗದ್ದರಿಂದ ಗೈಡ್ ರಾಮಲಿಂಗಪ್ಪ ಸರ್ ಖುದ್ದಾಗಿ ಬಂದರು. ಬಿಳಿ ಕಾರು, ಬಿಳಿ ಸಫಾರಿ, ಕೈಯಲ್ಲಿ ಕರದಂಟಿನ ಪೆಟ್ಟಿಗೆ. ಅವರ ಕೈಕೆಳಗೆ ಡಾಕ್ಟರ್ ಆದವರು ಜಮಖಂಡಿಯಿಂದ ಬೀಳಗಿಯವರೆಗೆ ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರ ಪ್ರಬಂಧ ಹರಪ್ಪಾದಿಂದಲೇ ಶುರುವಾಗುತ್ತದೆ. ವಿಷಯ ಹಾಲಿನ ಸಹಕಾರ ಸಂಘ ಇರಲಿ, ಬಸ್ ಡಿಪೋ ಇರಲಿ, ಮೊದಲು ಹರಪ್ಪಾಕ್ಕೆ ಹೋಗಿ ಬರಬೇಕು. ಸರ್ ಗ್ರಂಥಾಲಯದ ಮೂಲೆಗೆ ಹೋಗಿ, ಮೇಡಂ ಎದುರಿನ ಕುರ್ಚಿಯಲ್ಲಿ ಕೂತು, ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲೆ ಇಟ್ಟರು.

"ಮೇಡಂ, ನಿಮಗ ತ್ರಾಸ ಆಗಬಾರದಂತ ಒಂದು ವರದಿ ತಯಾರ ಮಾಡಿ ತಂದೇನ್ರಿ. ನೀವು ಸಹಿ ಮಾಡಿದ್ರ ಆತು. ಹೊರರಾಜ್ಯದ ಪರೀಕ್ಷಕರು ಇದನ್ನs ಕಳಿಸ್ಯಾರ."

"ಸರ್, ಇದರಾಗ ಏನದ ಅಂತ ನಾ ನೋಡೂದಿಲ್ಲ" ಎಂದರು ಮೇಡಂ. "ನೋಡದs ವಾಪಸ್ ಕೊಟ್ಟೆ ಅಂತ ಬರೀತೀನಿ. ನೀವು ಬಂದದ್ದನ್ನೂ, ಈಗ ಹೇಳಿದ್ದನ್ನೂ ಬರೀತೀನಿ. ಕರದಂಟನ್ನೂ ತೊಗೊಂಡ ಹೋಗ್ರಿ, ನಮ್ಮ ಮನಿಯವರಿಗೆ ಸಕ್ಕರಿ ಕಾಯಿಲೆ ಅದ."

ಸರ್ ನಕ್ಕರು. ಅಂಥವರು ಹೊರಗೆ ಹೋಗುವತನಕ ನಗುತ್ತಲೇ ಇರುತ್ತಾರೆ. ಕಾರು ಹತ್ತುವಾಗ ನನ್ನನ್ನು ಕರೆದು, "ನಿಮ್ಮ ಮೇಡಂಗೆ ವಿದ್ಯಾರ್ಥಿಗಳ ಮ್ಯಾಲೆ ಕರುಣಾನs ಇಲ್ಲ ನೋಡ್ರಿ" ಎಂದರು. ಮೇಡಂ ಹೇಳಿದಂತೆಯೇ ಎಲ್ಲವನ್ನೂ ಕುಲಸಚಿವರಿಗೆ ಬರೆದರು. ಆ ಪತ್ರಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಇಷ್ಟು ಸಾಲದು ಎಂಬಂತೆ, ಮುಂದಿನ ವಾರ ಮೇಡಂ ರಬಕವಿಯಲ್ಲಿ ಒಂದು ಮುಂಜಿಗೆ ಹೋಗಿಬಂದರು. ಬನಹಟ್ಟಿಯ ಸರ್ಕಲ್ಲಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಒಂದು ಫ್ಲೆಕ್ಸ್ ಕಾಣಿಸಿತಂತೆ. ಅದರಲ್ಲಿ ನಮ್ಮ ಸೌಂದರ್ಯಾ ಕಪ್ಪು ಗೌನು ತೊಟ್ಟು, ತಲೆಗೆ ಚೌಕದ ಟೋಪಿ ಇಟ್ಟು ನಗುತ್ತಿದ್ದಳು. ಮೇಲೆ "ಡಾ. ಸೌಂದರ್ಯಾ ಅವರಿಗೆ ಹಾರ್ದಿಕ ಅಭಿನಂದನೆಗಳು" ಎಂದಿತ್ತು. ಕೆಳಗೆ ಓಣಿಯ ಹಿರಿಯರ ಫೋಟೋಗಳು ಸಾಲಾಗಿದ್ದವು. ಮೇಡಂ ಮರುದಿನ ನನಗೆ ಹೇಳಿದ್ದು ಒಂದೇ ಮಾತು: "ನಿಮ್ಮ ಊರಾಗ ಫ್ಲೆಕ್ಸ್ ಛಾಪಿಸೋರು ವಿಶ್ವವಿದ್ಯಾಲಯಕ್ಕಿಂತ ಭಾಳ ಚುರುಕದಾರ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಂದೇ ಸಂಜೆ ಬನಹಟ್ಟಿಗೆ ಹೋಗಿ ಅಕ್ಕನ ಗಂಡ ಚನಮಲ್ಲಪ್ಪ ಮಾಮಾನ ಎದುರು ಕೂಗಾಡಿದೆ. ಮಗ್ಗಗಳ ಸದ್ದಿನಲ್ಲಿ ನನ್ನ ಕೂಗು ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧಕ್ಕೆ ಮಾಮಾ ಶಾಂತವಾಗಿ ಉತ್ತರ ಕೊಟ್ಟ: "ಮದವಿ ಫ್ಲೆಕ್ಸ್ ಮದವಿ ಆದ ಮ್ಯಾಲೆ ಹಚ್ಚತಾರೇನಲೇ?" ಪುಸ್ತಕ ಬರೆದು ಕೊಟ್ಟ ಮೇಲೆ ಪದವಿ ಬರುವುದು ಖಾತ್ರಿ ಎಂದು ಅವನ ಲೆಕ್ಕ. ಅವನಿಗೆ ಗೊತ್ತಿದ್ದವರಲ್ಲಿ ಬರದೇ ಹೋದವರು ಒಬ್ಬರೂ ಇರಲಿಲ್ಲ. ಆ ಮಟ್ಟಿಗೆ ಅವನ ಲೆಕ್ಕ ತಪ್ಪಲ್ಲ.

ಮೇಡಂ ವರದಿ ಕಳಿಸಿದ ಎರಡು ತಿಂಗಳ ಮೇಲೆ ವಿಶ್ವವಿದ್ಯಾಲಯದಿಂದ ಸೌಂದರ್ಯಾಗೆ ಪತ್ರ ಬಂತು. ವರದಿಯ ನಮೂನೆಯಲ್ಲಿ ಮೂರು ಚೌಕಗಳಿರುತ್ತವೆ. ಒಂದು ಪದವಿಗೆ ಶಿಫಾರಸು, ಇನ್ನೊಂದು ಪರಿಷ್ಕರಿಸಿ ಮತ್ತೆ ಸಲ್ಲಿಸುವುದು, ಮೂರನೆಯದು ತಿರಸ್ಕಾರ. ಒಬ್ಬ ಪರೀಕ್ಷಕರು ಮೊದಲನೆಯದಕ್ಕೆ, ಇನ್ನೊಬ್ಬರು ಎರಡನೆಯದಕ್ಕೆ ಗುರುತು ಹಾಕಿದ್ದರು. ಹಾಗಾದಾಗ ಪರಿಷ್ಕರಿಸಲೇಬೇಕು. ಹೆಸರು ತೆಗೆದು ಕಳಿಸಿದ್ದರೂ ಎರಡನೆಯವರು ಯಾರು ಎಂಬುದು ಓಣಿಗೆಲ್ಲ ಗೊತ್ತಿತ್ತು. ಅಕ್ಕ ಫೋನಿನಲ್ಲಿ, "ನಿಮ್ಮ ಕಾಲೇಜಿನಾಕಿ ನಮ್ಮ ಹುಡುಗಿ ಕೊರಳಿಗೆ ಕಲ್ಲು ಕಟ್ಟಿದಳು" ಎಂದವಳು ಆಮೇಲೆ ಬಹಳ ದಿನ ಮಾತಾಡಲಿಲ್ಲ. ಮಾಮಾ ಫ್ಲೆಕ್ಸಿನ ಮೇಲಿದ್ದ "ಡಾ." ಅಕ್ಷರಕ್ಕೆ ಮಾತ್ರ ಒಂದು ಬಿಳಿ ಹಾಳೆ ಅಂಟಿಸಿ ಬಂದ. ಮಳೆ ಬಂದಾಗಲೆಲ್ಲ ಅದು ಕಿತ್ತು ಬೀಳುತ್ತಿತ್ತು. ಹೀಗಾಗಿ ನಮ್ಮ ಹುಡುಗಿ ಮಳೆಗಾಲದಲ್ಲಿ ಡಾಕ್ಟರ್, ಬಿಸಿಲಿದ್ದಾಗ ಬರೀ ಸೌಂದರ್ಯಾ ಆಗಿದ್ದಳು.

ಅವಳು ಆ ವರದಿ ಹಿಡಿದುಕೊಂಡು ಜಮಖಂಡಿಗೆ ನನ್ನ ಮನೆಗೆ ಬಂದಳು. ಕಣ್ಣು ಬಾತಿದ್ದವು. "ಓದ್ರಿ ಮಾಮಾ" ಎಂದು ನನ್ನ ಕೈಗೆ ಕೊಟ್ಟು ಗೋಡೆ ಕಡೆ ಮುಖ ಮಾಡಿ ಕೂತಳು. ನಾನು ಸಿಟ್ಟಿನಿಂದಲೇ ಶುರು ಮಾಡಿದೆ. ಓದುತ್ತಾ ಹೋದಂತೆ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ.

ಪ್ರಬಂಧದ ವಿಷಯ ರಬಕವಿ ಬನಹಟ್ಟಿಯ ನೇಕಾರ ಮನೆಗಳ ಹೆಂಗಸರ ದುಡಿಮೆ. ಮೇಡಂ ಮೊದಲು ಬರೆದಿದ್ದು ಐದನೆಯ ಅಧ್ಯಾಯದ ಬಗ್ಗೆ. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಉರುಳೆಗೆ ನಾವು ಕಂಡಿಕಿ ಅನ್ನುತ್ತೇವೆ. ಅದನ್ನು ಸುತ್ತುವವರು ಮನೆಯ ಹೆಂಗಸರು. ನೀವು ಕೆಲಸ ಮಾಡುತ್ತೀರಾ ಎಂದು ಕೇಳಿದರೆ ಅವರು ಇಲ್ಲ ಅನ್ನುತ್ತಾರೆ, ಯಾಕೆಂದರೆ ಕಂಡಿಕಿ ಸುತ್ತುವುದಕ್ಕೆ ನಮ್ಮ ಊರಲ್ಲಿ ಯಾರೂ ಕೆಲಸ ಅನ್ನುವುದಿಲ್ಲ. ಸೌಂದರ್ಯಾ ಹಾಗೆ ಕೇಳಿರಲಿಲ್ಲ. ಇವತ್ತು ಒಲೆ ಹಚ್ಚುವ ಮೊದಲು ಎಷ್ಟು ಕಂಡಿಕಿ ಸುತ್ತಿದಿರಿ, ಊಟದ ಮೇಲೆ ಎಷ್ಟು, ಎಂದು ಕೇಳಿದ್ದಳು. ಹೀಗೆ ಕೇಳಿದ್ದೇ ಈ ಪ್ರಬಂಧದ ಸ್ವಂತ ಕೊಡುಗೆ, ಇದರಿಂದಾಗಿಯೇ ಇದನ್ನು ತಿರಸ್ಕರಿಸುವ ಪ್ರಶ್ನೆ ಏಳುವುದಿಲ್ಲ ಎಂದು ಮೇಡಂ ಬರೆದಿದ್ದರು. ಮೂಲೆಯ ಮೇಜಿನ "ವಾ" ಯಾವುದಕ್ಕೆ ಬಂದಿತ್ತು ಎಂದು ನನಗೆ ಆಗ ಗೊತ್ತಾಯಿತು.

ಆಮೇಲೆ ಏಟು. ಕೊನೆಯ ಅಧ್ಯಾಯದ ಕೋಷ್ಟಕದಲ್ಲಿ ಅದೇ ಹೆಂಗಸರು "ಗೃಹಿಣಿ, ದುಡಿಮೆ ಇಲ್ಲ" ಎಂಬ ಸಾಲಿಗೆ ಸೇರಿದ್ದಾರೆ. ಅದರ ಮೇಲೆ ನಿಂತು, ಯೋಜನೆಗಳಿಂದ ಮಹಿಳೆಯರ ಸ್ಥಿತಿ ಸುಧಾರಿಸಿದೆ ಎಂಬ ತೀರ್ಮಾನ ಕೊಟ್ಟಿದೆ. ಐದನೆಯ ಅಧ್ಯಾಯ ಬರೆದವರು ಕೊನೆಯ ಅಧ್ಯಾಯವನ್ನು ಓದಿದಂತೆ ಕಾಣುವುದಿಲ್ಲ. ಮನೆಗಳನ್ನು ಯಾದೃಚ್ಛಿಕವಾಗಿ ಆರಿಸಿದೆ ಎಂದಿದೆ, ಆದರೆ ಯಾವ ಪಟ್ಟಿಯಿಂದ ಆರಿಸಿದ್ದು ಎಂದಿಲ್ಲ. ಪರಿಚಯದ ಓಣಿಗಳಿಂದ ಆರಿಸಿದ್ದರೆ ಹಾಗೆಂದೇ ಬರೆಯಬೇಕು, ಎರಡೂ ಊರುಗಳ ಪರವಾಗಿ ಮಾತಾಡಬಾರದು. ಹರಪ್ಪಾದಿಂದ ಶುರುವಾಗುವ ಎರಡು ಅಧ್ಯಾಯಗಳಲ್ಲಿ ಬನಹಟ್ಟಿಯ ಹೆಂಗಸರಿಗೆ ಸಂಬಂಧಿಸಿದ್ದು ಒಂದೂ ಇಲ್ಲ, ಅವನ್ನು ತೆಗೆಯಬೇಕು. ಹೊಸದಾಗಿ ಕ್ಷೇತ್ರಕಾರ್ಯ ಬೇಡ, ಇರುವ ಮಾಹಿತಿಯಿಂದಲೇ ಕೊನೆಯ ಕೋಷ್ಟಕವನ್ನು ಮತ್ತೆ ಕಟ್ಟಬೇಕು, ತೀರ್ಮಾನ ಅದನ್ನೇ ಅನುಸರಿಸಬೇಕು. ಇಷ್ಟು ಮಾಡಿದರೆ ಪದವಿಗೆ ಶಿಫಾರಸು ಮಾಡುತ್ತೇನೆ, ಹೊಸ ಆಕ್ಷೇಪಣೆ ಎತ್ತುವುದಿಲ್ಲ ಎಂದು ಕೊನೆಗೆ ಬರೆದಿದ್ದರು. ಪ್ರತಿಯೊಂದಕ್ಕೂ ಪುಟಸಂಖ್ಯೆ ಕೊಟ್ಟಿದ್ದರು.

"ಕೊನೀ ಅಧ್ಯಾಯ ಯಾಕ ಹಿಂಗಾತು?" ಎಂದು ಕೇಳಿದೆ.

"ಸರ್ ಹೇಳಿದ್ರು. ಗಣತಿಯೊಳಗ ಹೆಂಗೈತಿ ಹಂಗ ಹಾಕು, ಸುಧಾರಿಸೈತಿ ಅಂತ ಬರಿ, ಇಲ್ಲಂದ್ರ ಯಾರೂ ಪಾಸ್ ಮಾಡೂದಿಲ್ಲ ಅಂದ್ರು." ಅವಳು ಮುಖ ಒರೆಸಿಕೊಂಡು ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಮಾಮಾ, ಇದನ್ನ ಬರದಾವ್ರ ಮ್ಯಾಲೆ ನನಗ ಭಾಳ ಸಿಟ್ಟ ಬಂದೈತಿ. ಆದ್ರ ಇವರು ಓದ್ಯಾರ. ಸರ್ ಐದನೇ ಅಧ್ಯಾಯ ಓದಿರಲಿಲ್ಲ. ಸಹಿ ಹಾಕೂ ಮುಂದ ಅಕ್ಷರದ ಸೈಜಷ್ಟs ನೋಡಿದ್ರು."

ಐದು ವರ್ಷ ಹುಡುಗಿ ಬಸ್ಸು ಹತ್ತಿ ಇಳಿದು, ಮನೆಮನೆ ತಿರುಗಿ ಬರೆದಿದ್ದನ್ನು ದಾರಿ ತೋರಿಸಬೇಕಾದವನೇ ತೆರೆದು ನೋಡಿರಲಿಲ್ಲ. ಹಾಗಿದ್ದೂ ಕರುಣೆಯ ಮಾತಾಡುವ ಬಾಯಿ ಅವನದೇ.

ಪರಿಷ್ಕರಣೆಗೆ ಅವಳಿಗೆ ಐದು ತಿಂಗಳು ಹಿಡಿಯಿತು. ಹರಪ್ಪಾ ಹೋಯಿತು, ಕೋಷ್ಟಕ ಬದಲಾಯಿತು, ಓಣಿಗಳ ಹೆಸರು ಬಂತು. ರಾಮಲಿಂಗಪ್ಪ ಸರ್ ಈ ಸಲವೂ ಅಕ್ಷರದ ಸೈಜು ನೋಡಿ ಸಹಿ ಹಾಕಿದರು. ಪ್ರಬಂಧ ಮತ್ತೆ ಮೇಡಂ ಮೇಜಿಗೆ ಬಂತು. ತಾವು ಹೇಳಿದ್ದ ತಿದ್ದುಪಡಿಗಳನ್ನೆಲ್ಲ ಅವರು ಒಂದೊಂದಾಗಿ ನೋಡಿದರು, ಮಾತು ಕೊಟ್ಟಂತೆ ಹೊಸದೇನನ್ನೂ ಎತ್ತದೆ ಪದವಿಗೆ ಶಿಫಾರಸು ಮಾಡಿದರು. ಆಗ ಅವರು ನನಗೆ ಏನೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಒಮ್ಮೆ ನಾನೇ ಕೆಣಕಿದಾಗ ಅಂದರು: "ವರದಿ ಓದಿದಾಕಿಗೆ ನಾಳೆ ಮುಂಜಾನೆದ್ದು ಏನ್ ಮಾಡಬೇಕು ಅನ್ನೂದು ತಿಳೀಬೇಕು. ತಿಳೀಲಿಲ್ಲಂದ್ರ ಅದು ವರದಿ ಅಲ್ಲ, ಬರೀ ಸಿಟ್ಟು."

ಮೌಖಿಕ ಪರೀಕ್ಷೆಗೆ ಮೇಡಂ ಅವರೇ ಪರೀಕ್ಷಕರೆಂದು ನೇಮಕವಾಯಿತು. ಅದು ಬಹಿರಂಗ ಪರೀಕ್ಷೆ, ಯಾರು ಬೇಕಾದರೂ ಬರಬಹುದು. ನಮ್ಮವರು ಅದನ್ನು ಅಕ್ಷರಶಃ ನಂಬಿ ಒಂದು ಕ್ರೂಸರ್ ತುಂಬ ಬಂದರು. ಮಾಮಾ ರುಮಾಲು ಸುತ್ತಿದ್ದ. ಅಕ್ಕ ಹಾರದ ಬುಟ್ಟಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮುಂದಿನ ಮೇಜಿನ ಮೇಲೆ ಶಾಲು, ಹಣ್ಣಿನ ಬುಟ್ಟಿಗಳೂ ಸಿದ್ಧವಾಗಿದ್ದವು. ಮದುವೆಗೆ ಇದ್ದ ಕೊರತೆ ಎಂದರೆ ಅಕ್ಷತೆ ಒಂದೇ. ನಾನು ಹಿಂದಿನ ಸಾಲಿನಲ್ಲಿ ಕೂತೆ. ಮೇಡಂ ಬೇರೆ ಬಸ್ಸಿನಲ್ಲಿ ಬಂದಿದ್ದರು, ನನ್ನನ್ನು ಕಂಡರೂ ಕಾಣದಂತೆ ಇದ್ದರು.

ಸೌಂದರ್ಯಾ ಚೆನ್ನಾಗಿ ಮಾತಾಡಿದಳು. ಮೇಡಂ ಮೂರು ಪ್ರಶ್ನೆ ಕೇಳಿದರು, ಮೂರೂ ಕಠಿಣ. ಪರಿಚಯದ ಓಣಿಗಳಲ್ಲೇ ವಿಚಾರಿಸಿದ್ದರಿಂದ ಏನು ಲಾಭ, ಏನು ನಷ್ಟ ಎಂದು ಕೇಳಿದಾಗ ಅವಳು, "ಬಾಗಿಲು ತಗದ್ರು, ಅದು ಲಾಭ. ನಮ್ಮ ಜೋಡಿ ಜಗಳ ಆದ ಮನಿಗೆ ನಾ ಹೋಗಲಿಲ್ಲ, ಅದು ನಷ್ಟ" ಎಂದಳು. ಮೇಡಂ ತಲೆಯಾಡಿಸಿ ಬರೆದುಕೊಂಡರು. ರಾಮಲಿಂಗಪ್ಪ ಸರ್ ತಾವೇ ಉತ್ತರ ಕೊಟ್ಟಷ್ಟು ಹೆಮ್ಮೆಯಿಂದ ಸಭೆಯ ಕಡೆ ನೋಡಿದರು.

ಆಮೇಲೆ ಸಮಿತಿಯ ಅಧ್ಯಕ್ಷರು ಇಬ್ಬರು ಪರೀಕ್ಷಕರ ವರದಿಗಳನ್ನು ಸಭೆಗೆ ಓದಿ ಹೇಳಬೇಕು. ಅವರು ಇತಿಹಾಸ ವಿಭಾಗದ ವಯಸ್ಸಾದ ಡೀನ್. ಮೊದಲು ಮೇಡಂ ಬರೆದ ವರದಿಯನ್ನು ಓದಿದರು. ಆಮೇಲೆ ಹೊರರಾಜ್ಯದವರದ್ದನ್ನು ತೆಗೆದರು. ಅದರಲ್ಲಿ ಅಮೂಲ್ಯ ಕೊಡುಗೆ ಇತ್ತು, ವೈಜ್ಞಾನಿಕ ವಿಧಾನ ಇತ್ತು, ನಿರರ್ಗಳ ಭಾಷೆ ಇತ್ತು. ಅಧ್ಯಕ್ಷರು ರಾಗವಾಗಿ ಓದುತ್ತಾ ಹೋದರು: "ವಿಶೇಷವಾಗಿ ಮುಧೋಳ ತಾಲೂಕಿನ ಕಬ್ಬು ಬೆಳೆಗಾರರ ಹನಿ ನೀರಾವರಿಯ ಬಗೆಗಿನ ನಾಲ್ಕನೆಯ ಅಧ್ಯಾಯ..." ಎಂದು ಅಲ್ಲಿಗೆ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಕಬ್ಬು ಅಲ್ಲಿಯೇ ಇತ್ತು.

ಅದರ ಹಿಂದಿನ ವರ್ಷ ಇದೇ ಗೈಡ್ ಕೈಯಲ್ಲಿ ಒಬ್ಬ ಕಬ್ಬಿನ ಮೇಲೆ ಡಾಕ್ಟರ್ ಆಗಿದ್ದ. ಸರ್ ತಯಾರಿಸಿದ್ದ ವರದಿ ಅದೇ. ಈ ಸಲ ಮೇಲಿನ ಹೆಸರು ಬದಲಿಸಿ ಒಳಗಿನದನ್ನು ಹಾಗೇ ಬಿಟ್ಟಿದ್ದರು. ಪರೀಕ್ಷಕರು ಸಹಿ ಹಾಕುವಾಗ ಓದಲಿಲ್ಲ, ಕಚೇರಿಯವರು ಚೌಕದಲ್ಲಿನ ಗುರುತು ಬಿಟ್ಟು ಬೇರೇನೂ ನೋಡಲಿಲ್ಲ. ಇಷ್ಟು ಜನ ಓದದೇ ಇದ್ದುದರಿಂದ ಅದು ಸುರಕ್ಷಿತವಾಗಿ ಸಭೆಯವರೆಗೆ ಬಂದು ಮುಟ್ಟಿತ್ತು.

"ಟೈಪಿಂಗ್ ಮಿಸ್ಟೇಕ್ ರೀ" ಎಂದರು ರಾಮಲಿಂಗಪ್ಪ ಸರ್. ಸಭೆಯಲ್ಲಿ ಯಾರೋ ನಕ್ಕರು. ಅಧ್ಯಕ್ಷರು ದನಿ ತಗ್ಗಿಸಿ, "ಶಿಫಾರಸು ಅಂತೂ ಐತಿ. ಒಂದು ಸಣ್ಣ ತಪ್ಪು ಅಂತ ದಾಖಲು ಮಾಡಿ ಮುಗಿಸೋಣ. ಪಾಪ, ಹುಡುಗಿಯ ಜೀವನದ ಪ್ರಶ್ನೆ" ಎಂದರು. ಎಲ್ಲರೂ ಮೇಡಂ ಕಡೆ ನೋಡಿದರು.

"ಇವತ್ತಿನ ಪರೀಕ್ಷೆಯೊಳಗ ಆಕಿ ತೇರ್ಗಡೆ ಆಗ್ಯಾಳ. ಅದನ್ನ ನಾ ಬರೆದು ಸಹಿ ಮಾಡ್ತೀನಿ" ಎಂದರು ಮೇಡಂ. "ಆದ್ರ ಪದವಿಗೆ ಎರಡು ವರದಿ ಬೇಕು. ಈ ಪ್ರಬಂಧಕ್ಕ ಇರೂದು ಒಂದs. ಕಬ್ಬಿನ ವರದಿಯನ್ನ ನೂಲಿಂದು ಅಂತ ಬರದ್ರ ಅದಕ್ಕ ನಾ ಸಹಿ ಹಾಕೂದಿಲ್ಲ. ಕುಲಸಚಿವರಿಗೆ ತಿಳಿಸಿ, ಇನ್ನೊಬ್ಬ ಪರೀಕ್ಷಕರಿಗೆ ಕಳಸ್ರಿ. ತಪ್ಪು ಆಕೀದಲ್ಲ ಅಂತ ಸ್ಪಷ್ಟ ಬರೀರಿ."

ಅಕ್ಕ ಹಾರದ ಬುಟ್ಟಿಯನ್ನು ಮಡಿಲಿಂದ ತೆಗೆದು ಕೆಳಗಿಟ್ಟಳು. ಮಾಮಾ ಎದ್ದು ನಿಂತ. ಮತ್ತೆ ಪರೀಕ್ಷಕರು, ಮತ್ತೆ ತಿಂಗಳುಗಳು, ಅಷ್ಟರಲ್ಲಿ ಮುಧೋಳದ ಕೆಲಸ ಹೋಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಆ ಕ್ಷಣ ಮೇಡಂ ಮೇಲೆ ನನಗೂ ಸಿಟ್ಟು ಬಂತು, ಖರೆ ಹೇಳುತ್ತೇನೆ. ರಾಮಲಿಂಗಪ್ಪ ಸರ್ ಕರುಣೆಯಿಂದ, "ಅಭ್ಯರ್ಥೀನs ಕೇಳೋಣ್ರಿ" ಎಂದರು. ಅವರ ಜೀವಮಾನದಲ್ಲಿ ಅವಳನ್ನು ಕೇಳಿದ್ದು ಅದೇ ಮೊದಲು.

ಸೌಂದರ್ಯಾ ಇನ್ನೂ ಪರದೆಯ ಪಕ್ಕದಲ್ಲೇ ನಿಂತಿದ್ದಳು. ಅವಳ ಹಿಂದೆ ಕಂಡಿಕಿಗಳ ಫೋಟೋ ಇತ್ತು. "ನನಗ ಕಬ್ಬಿನ ಮ್ಯಾಲೆ ಡಾಕ್ಟರ್ ಆಗೂದು ಬ್ಯಾಡ್ರಿ" ಎಂದಳು. "ನಾ ಐದು ವರ್ಷ ಬರದೇನಿ. ಇಲ್ಲೀತನಕ ಅದನ್ನ ಓದಿದಾವ್ರು ಒಬ್ಬರs. ಇನ್ನೊಬ್ಬರಿಗೆ ಕಳಸ್ರಿ. ಓದಾವ್ರಿಗೆ."

ಕ್ರೂಸರ್ ಹಾರಗಳ ಸಮೇತ ಮರಳಿತು. ಸರ್ಕಲ್ಲಿಗೆ ಬಂದಾಗ ಅವಳು ಗಾಡಿ ನಿಲ್ಲಿಸಿ, ಇಳಿದು, ಫ್ಲೆಕ್ಸಿನ ಹಗ್ಗ ತಾನೇ ಬಿಚ್ಚಿದಳು. ಆ ವರ್ಷ ಮುಧೋಳದಲ್ಲಿ ಅವಳಿಗೆ ಪಾಠ ಸಿಗಲಿಲ್ಲ. ರಾಮಲಿಂಗಪ್ಪ ಸರ್ ಅವರಿಗೆ ಏನಾಯಿತು ಎಂದು ಕೇಳುತ್ತೀರಾ? ವಿಚಾರಣಾ ಸಮಿತಿ ರಚನೆಯಾಯಿತು. ಸಮಿತಿಯ ಸದಸ್ಯರಿಬ್ಬರು ಅವರ ಕೈಯಲ್ಲೇ ಡಾಕ್ಟರ್ ಆದವರು.

ಮೂರನೆಯ ಪರೀಕ್ಷಕರು ಸೊಲ್ಲಾಪುರದ ಕಡೆಯವರು. ಅವರ ವರದಿ ಏಳು ತಿಂಗಳಿಗೆ ಬಂತು. ಅವತ್ತು ನಾನು ಅಕ್ಕನ ಮನೆಯಲ್ಲೇ ಇದ್ದೆ. ಮಗ್ಗಕ್ಕೆ ವಾರದ ರಜೆ, ನಮ್ಮ ಮಾತಿನಲ್ಲಿ ಸೂಟಿ, ಮನೆ ನಿಶ್ಶಬ್ದವಾಗಿತ್ತು. ಸೌಂದರ್ಯಾ ಫೋನಿನಲ್ಲಿ ಅದನ್ನು ಓದುತ್ತಿದ್ದವಳು ಥಟ್ಟನೆ ನಕ್ಕಳು. ಪದವಿಗೆ ಶಿಫಾರಸಾಗಿದೆ ಎಂದುಕೊಂಡು ಮಾಮಾ ಎದ್ದ. ಶಿಫಾರಸೂ ಆಗಿತ್ತು, ಆದರೆ ಅವಳು ನಕ್ಕಿದ್ದು ಅದಕ್ಕಲ್ಲ.

"ಮಾಮಾ, ಇವರೂ ಒಂದು ತಪ್ಪ ಹಿಡದಾರ್ರಿ" ಎಂದಳು ನನಗೆ. ಮುಖ ಅರಳಿತ್ತು. "ಮಗ್ಗ ವಾರದಾಗ ಆರು ದಿನ ನಡೀತಾವಂತ ಹೆಂಗಸರ ದುಡಿಮೀನೂ ನಾ ಆರು ದಿನಕ್ಕs ಲೆಕ್ಕ ಹಿಡದೇನಿ. ಸೂಟಿ ದಿನ ಮರುದಿನದ ಕಂಡಿಕಿ ಯಾರ ಸುತ್ತತಾರ ಅಂತ ಕೇಳ್ಯಾರ. ಕೊನೀ ಪ್ರತಿಯೊಳಗ ತಿದ್ದು ಅಂದಾರ. ಗಲಗಲಿ ಮೇಡಂಗೂ ಹೊಳದಿಲ್ಲ. ನನಗೂ ಹೊಳದಿಲ್ಲ."

ಜಮಖಂಡಿಯಲ್ಲಿ ಪೆನ್ಸಿಲ್ ಕೆಳಗಿಟ್ಟು ಮೇಡಂ ಇದನ್ನು ಕೇಳಿ ಹಿಗ್ಗುವುದು ನನ್ನ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ನಾವಿಬ್ಬರೂ ಒಟ್ಟಿಗೆ ಮೂಲೆಯ ಕಡೆ ನೋಡಿದೆವು. ಅಕ್ಕ ಅಲ್ಲಿ ಕೂತು ಬೆಳಗಿನಿಂದ ಕಂಡಿಕಿ ಸುತ್ತುತ್ತಿದ್ದಳು. ಪಕ್ಕದ ಬುಟ್ಟಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

"ಯವ್ವಾ, ನೀ ಸೂಟಿ ದಿನಾನೂ ಕೆಲಸ ಮಾಡ್ತೀ ಅಂತ ನನಗ್ಯಾಕ ಹೇಳಲಿಲ್ಲ?" ಎಂದಳು ಸೌಂದರ್ಯಾ.

"ಎಲ್ಲಿ ಕೆಲಸ ಬೇ?" ಎಂದಳು ಅಕ್ಕ, ಕೈ ನಿಲ್ಲಿಸದೆ. "ಇವತ್ತು ಖಾಲಿ ಕುಂತೇನಲ್ಲ."